ಕಲೆಯೋ ಅಕ್ಷರವೋ: ಒಂದು ಪುಟಕ್ಕೆ ಒಂದೇ ಮಿತಿ ಸಾಕಾಗುವುದು ಯಾವಾಗ

ಹಳೆಯ ಕೈಬರಹದ ಪುಟವೊಂದನ್ನು ಸ್ಕ್ಯಾನ್ ಮಾಡಿದಾಗ ದೊರೆಯುವ ಚಿತ್ರದಲ್ಲಿ ಪ್ರತಿಯೊಂದು ಬಿಂದುವಿಗೂ, ಎಂದರೆ ಪ್ರತಿಯೊಂದು ಪಿಕ್ಸೆಲ್ಲಿಗೂ, 0ಯಿಂದ 255ರ ವರೆಗಿನ ಒಂದು ಸಂಖ್ಯೆ ಪ್ರಾಪ್ತವಾಗಿರುತ್ತದೆ. 0 ಎಂದರೆ ಕಡುಗಪ್ಪು, 255 ಎಂದರೆ ಅಚ್ಚ ಬಿಳುಪು, ನಡುವಣವೆಲ್ಲ ಬೂದುಬಣ್ಣದ ತರತಮಗಳು. ಮನುಷ್ಯನ ಕಣ್ಣು ಈ ತರತಮಗಳ ನಡುವೆಯೇ ಅಕ್ಷರವನ್ನು ಅನಾಯಾಸವಾಗಿ ಗುರುತಿಸಿಕೊಳ್ಳುತ್ತದೆಯಾದರೂ, ಸಾಲುಗಳನ್ನು ಬೇರ್ಪಡಿಸುವುದಕ್ಕಾಗಲಿ, ಅಕ್ಷರಗಳ ಆಕಾರವನ್ನು ಅಳೆಯುವುದಕ್ಕಾಗಲಿ, ಮಾಸಿದ ಪುಟವನ್ನು ಸ್ಫುಟವಾಗಿ ಮುದ್ರಿಸುವುದಕ್ಕಾಗಲಿ ತೊಡಗುವ ಯಂತ್ರಕ್ಕೆ ಬಹುಮಟ್ಟಿಗೆ ಮೊದಲು ಬೇಕಾಗುವುದು ಒಂದು ನಿಶ್ಚಿತವಾದ ನಿರ್ಣಯ: ಈ ಬಿಂದು ಶಾಯಿಯೋ, ಕಾಗದವೋ? ಈ ನಿರ್ಣಯವನ್ನು ಪುಟದ ಲಕ್ಷಾಂತರ ಬಿಂದುಗಳಿಗೆ ಒಂದೊಂದಾಗಿ ಅನ್ವಯಿಸಿ, ಬೂದು ಚಿತ್ರವನ್ನು ಕೇವಲ ಕಪ್ಪು ಬಿಳುಪುಗಳ ಚಿತ್ರವನ್ನಾಗಿ ಪರಿವರ್ತಿಸುವ ಕ್ರಿಯೆಗೆ ದ್ವಿವರ್ಣೀಕರಣವೆಂದು ಹೆಸರಿಡಬಹುದು. ಯಾವ ಸಂಖ್ಯೆಯ ಕೆಳಗಿರುವುದನ್ನು ಶಾಯಿಯೆಂದೂ ಮೇಲಿರುವುದನ್ನು ಕಾಗದವೆಂದೂ ಎಣಿಸುತ್ತೇವೆಯೋ ಆ ಸಂಖ್ಯೆಯೇ ಮಿತಿ, ತಂತ್ರಜ್ಞರ ಬಾಯಲ್ಲಿ ಥ್ರೆಶೋಲ್ಡ್.

ಮಿತಿಯನ್ನು ನಿರ್ಧರಿಸುವುದಕ್ಕೆ ಎರಡು ಮಾರ್ಗಗಳಿವೆ. ಇಡೀ ಪುಟಕ್ಕೆ ಒಂದೇ ಸಂಖ್ಯೆಯನ್ನು ಗೊತ್ತುಮಾಡುವುದು ಒಂದು ಮಾರ್ಗ. ಇದನ್ನು ಸರ್ವಸಾಮಾನ್ಯ ಮಿತಿ ಎನ್ನೋಣ. ಪ್ರತಿಯೊಂದು ಬಿಂದುವಿಗೂ ಅದರ ನೆರೆಹೊರೆಯನ್ನು ನೋಡಿ ಬೇರೆ ಬೇರೆ ಸಂಖ್ಯೆಯನ್ನು ಲೆಕ್ಕಹಾಕುವುದು ಇನ್ನೊಂದು; ಇದು ಸ್ಥಳಾನುಗುಣ ಮಿತಿ. ಕಲೆ ಬಿದ್ದ ಪುಟವೆಂದರೆ ಎರಡನೆಯದನ್ನೇ ಆರಿಸಿಕೊಳ್ಳಬೇಕೆಂಬ ಅಭಿಪ್ರಾಯವು ಈ ಕೆಲಸದಲ್ಲಿ ತೊಡಗಿದವರಲ್ಲಿ ವ್ಯಾಪಕವಾಗಿದೆ. ಆದರೆ ಆಯ್ಕೆಯನ್ನು ನಿರ್ಧರಿಸತಕ್ಕದ್ದು ಕಲೆಯ ಅಸ್ತಿತ್ವವಲ್ಲ, ಪುಟದಿಂದಲೇ ಅಳೆದು ತೆಗೆಯಬಹುದಾದ ಎರಡು ಸಂಖ್ಯೆಗಳು ಎಂಬುದನ್ನೂ, ಆ ಎರಡು ಸಂಖ್ಯೆಗಳು ಅಡ್ಡಗಟ್ಟಿದಾಗ ಮೂರನೆಯದೊಂದು ಹಾದಿ ಉಳಿದಿದೆ ಎಂಬುದನ್ನೂ ತೋರಿಸುವುದೇ ಈ ಅಧ್ಯಾಯದ ಉದ್ದೇಶ.

ಒಂದೇ ಮಿತಿಯ ಲೆಕ್ಕಾಚಾರ

ವಿಚಾರವನ್ನು ಸ್ಪಷ್ಟಪಡಿಸಿಕೊಳ್ಳುವುದಕ್ಕಾಗಿ ಒಂದು ಮಾದರಿ ಪುಟವನ್ನು ಭಾವಿಸಿಕೊಳ್ಳೋಣ. ಅದರ ಶುಭ್ರವಾದ ಕಾಗದದ ಮೌಲ್ಯ 200. ಗಟ್ಟಿಯಾಗಿ ಇಳಿದ ಶಾಯಿಯ ಮೌಲ್ಯ 60. ಒಂದು ಮೂಲೆಯಲ್ಲಿ ನೀರು ಕುಡಿದು ಕಂದಿದ ಕಲೆಯ ಮೌಲ್ಯ 120. ಪುಟದ ವಿಸ್ತಾರವನ್ನು ನೂರು ಪಾಲೆಂದು ಎಣಿಸಿದರೆ ಕಾಗದಕ್ಕೆ 80, ಕಲೆಗೆ 12, ಶಾಯಿಗೆ 8 ಪಾಲು ಸಲ್ಲುತ್ತವೆ ಎಂದಿಟ್ಟುಕೊಳ್ಳೋಣ. ನಿಜವಾದ ಪುಟದಲ್ಲಿ ಇವು ಹೀಗೆ ಮೂರೇ ಸಂಖ್ಯೆಗಳಾಗಿ ನಿಲ್ಲದೆ ಪ್ರತಿಯೊಂದೂ ಸ್ವಲ್ಪ ಆಚೀಚೆಗೆ ಹರಡಿಕೊಂಡಿರುತ್ತದೆಯಾದರೂ, ತರ್ಕದ ದಾರಿ ಬದಲಾಗುವುದಿಲ್ಲ.

ಸರ್ವಸಾಮಾನ್ಯ ಮಿತಿಯನ್ನು ಮನುಷ್ಯನ ಹಸ್ತಕ್ಷೇಪವಿಲ್ಲದೆ ಗೊತ್ತುಮಾಡುವ ವಿಧಾನಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಜಪಾನಿನ ನೊಬುಯುಕಿ ಓತ್ಸು ಅವರು 1979ರಲ್ಲಿ ಪ್ರಕಟಿಸಿದುದು. ಅವರ ವಿಚಾರಸರಣಿ ಸರಳವೂ ಸುಂದರವೂ ಆಗಿದೆ. ಯಾವುದೋ ಒಂದು ಸಂಖ್ಯೆಯಲ್ಲಿ ಬಿಂದುಗಳನ್ನೆಲ್ಲ ಎರಡು ಪಂಗಡಗಳಾಗಿ ಕತ್ತರಿಸಿ, ಒಂದೊಂದು ಪಂಗಡದ ಸರಾಸರಿಯನ್ನು ತೆಗೆದು, ಆ ಎರಡು ಸರಾಸರಿಗಳ ಅಂತರದ ವರ್ಗವನ್ನು ಎರಡು ಪಂಗಡಗಳ ಪಾಲುಗಳಿಂದಲೂ ಗುಣಿಸಿದರೆ ಬರುವ ಗುಣಲಬ್ಧವು ಯಾವ ಕಡಿತದಲ್ಲಿ ಪರಮಾವಧಿಗೆ ಏರುವುದೋ ಅದೇ ತಕ್ಕ ಮಿತಿ. ಎಂದರೆ ಪಂಗಡಗಳು ಪರಸ್ಪರ ದೂರವಾಗಿಯೂ ಇರಬೇಕು, ಎರಡರಲ್ಲಿಯೂ ಗಣನೀಯವಾದ ಸಂಖ್ಯೆಯ ಸದಸ್ಯರೂ ಇರಬೇಕು.

ನಮ್ಮ ಪುಟದಲ್ಲಿ ಕಡಿತಕ್ಕೆ ಎರಡೇ ಸ್ಥಾನಗಳುಂಟು. ಶಾಯಿಗೂ ಕಲೆಗೂ ನಡುವೆ ಕತ್ತರಿಸಿದರೆ ಕಪ್ಪಿನ ಪಂಗಡಕ್ಕೆ 8 ಪಾಲು ಬಂದು ಅದರ ಸರಾಸರಿ 60 ಆಗುವುದು. ಬಿಳುಪಿನ ಪಂಗಡಕ್ಕೆ 92 ಪಾಲು ಸೇರಿ ಅದರ ಸರಾಸರಿ ಸುಮಾರು 189.6 ಆಗುವುದು. ಅಂತರದ ವರ್ಗವನ್ನು 0.08ರಿಂದಲೂ 0.92ರಿಂದಲೂ ಗುಣಿಸಿದರೆ ಸುಮಾರು 1235 ಬರುತ್ತದೆ. ಇನ್ನು ಕಲೆಗೂ ಕಾಗದಕ್ಕೂ ನಡುವೆ ಕತ್ತರಿಸಿದರೆ ಕಪ್ಪಿನ ಪಂಗಡಕ್ಕೆ 20 ಪಾಲು, ಸರಾಸರಿ 96. ಬಿಳುಪಿಗೆ 80 ಪಾಲು, ಸರಾಸರಿ 200. ಫಲ ಸುಮಾರು 1730. ಎರಡನೆಯದೇ ದೊಡ್ಡದಾದುದರಿಂದ ಓತ್ಸು ವಿಧಾನವು ಕಲೆಯನ್ನು ಶಾಯಿಯ ಪಂಗಡಕ್ಕೆ ಸೇರಿಸಿಬಿಡುತ್ತದೆ, ಪುಟದ ಮೂಲೆ ಒಂದು ಕಪ್ಪು ಮುದ್ದೆಯಾಗಿ ಅದರೊಳಗಿನ ಬರಹವೆಲ್ಲ ಮುಳುಗಿಹೋಗುತ್ತದೆ. ಕಣ್ಣಿಗೆ 60ಕ್ಕೂ 120ಕ್ಕೂ ನಡುವೆ 90 ಎಂಬ ಮಿತಿಯನ್ನಿಟ್ಟರೆ ಪುಟ ನಿರ್ಮಲವಾಗುವುದೆಂದು ಸ್ಪಷ್ಟವಾಗಿ ಕಾಣುತ್ತಿದ್ದರೂ, ಗಣಿತಕ್ಕೆ ಅಕ್ಷರವೆಂಬುದರ ಪರಿಚಯವಿಲ್ಲ. ಅದು ಬಲ್ಲುದು ಪಾಲುಗಳನ್ನು ಮತ್ತು ಅಂತರಗಳನ್ನು ಮಾತ್ರ.

ಈಗ ಕಲೆ ಅಷ್ಟೇ ದೊಡ್ಡದಾಗಿದ್ದು ಮೌಲ್ಯ ಮಾತ್ರ 120ಕ್ಕೆ ಬದಲು 160 ಎಂದು ಭಾವಿಸಿ. ಅದೇ ಲೆಕ್ಕವನ್ನು ಮತ್ತೊಮ್ಮೆ ಮಾಡಿದರೆ ಮೊದಲನೆಯ ಕಡಿತಕ್ಕೆ 1337, ಎರಡನೆಯದಕ್ಕೆ 1024 ದೊರೆತು, ಮಿತಿಯು ಶಾಯಿಗೂ ಕಲೆಗೂ ನಡುವೆ ಬಂದು ನಿಲ್ಲುವುದು. ಚಹದ ಕಲೆಯಂತಹ ಆ ತಿಳಿಕಂದು ಮಚ್ಚೆ ಗುರುತೂ ಉಳಿಯದಂತೆ ಮಾಯವಾಗುವುದು. ಆದುದರಿಂದ ಕಲೆ ಇದೆಯೆಂಬ ಒಂದೇ ಕಾರಣಕ್ಕೆ ಸರ್ವಸಾಮಾನ್ಯ ಮಿತಿಯನ್ನು ತ್ಯಜಿಸುವುದು ಅವಸರದ ತೀರ್ಮಾನವಾಗುತ್ತದೆ.

ಅಳೆಯಬೇಕಾದ ಎರಡು ಸಂಖ್ಯೆಗಳು

ಇಷ್ಟರಿಂದ ಒಂದು ಭೇದವನ್ನು ನಾವು ಗ್ರಹಿಸಬೇಕು. ತಕ್ಕ ಮಿತಿಯೊಂದು ಪುಟದಲ್ಲಿ ಇದೆಯೇ ಎಂಬುದು ಒಂದು ಪ್ರಶ್ನೆ. ಇರುವ ಆ ಮಿತಿಯನ್ನು ಇಂತಹ ವಿಧಾನವು ಕಂಡುಹಿಡಿಯಬಲ್ಲುದೇ ಎಂಬುದು ಮತ್ತೊಂದು. 120ರ ಕಲೆಯ ಪುಟದಲ್ಲಿ ಮಿತಿ ಇತ್ತು, ಆದರೆ ಓತ್ಸು ವಿಧಾನ ಅದನ್ನು ಕಾಣಲಿಲ್ಲ. ಅಲ್ಲಿ ಬದಲಾಯಿಸಬೇಕಾದುದು ವಿಧಾನವನ್ನೇ ಹೊರತು ಮಾರ್ಗವನ್ನಲ್ಲ, ಕೈಯಿಂದಲೇ 90 ಎಂದು ಕೊಟ್ಟರೆ ಕೆಲಸ ಮುಗಿಯಿತು. ಆದರೆ ಯಾವ ವಿಧಾನವೂ ಕಾಣಲಾರದ, ಏಕೆಂದರೆ ಇಲ್ಲವೇ ಇಲ್ಲದ, ಮಿತಿಯ ಪುಟಗಳೂ ಇವೆ.

ಅದೇ ಪುಟದ ಬೇರೊಂದು ಭಾಗದಲ್ಲಿ, ಕಲೆಯಿಲ್ಲದ ಶುಭ್ರ ಕಾಗದದ ಮೇಲೆ, ಶಾಯಿ ತೆಳುವಾಗಿ 150ರ ಮೌಲ್ಯದಲ್ಲಿ ಉಳಿದಿದೆ ಎಂದುಕೊಳ್ಳೋಣ. ಅದ್ದಿ ಬರೆಯುವ ಲೇಖನಿಯ ಬರಹದಲ್ಲಿ ಇದು ನಿತ್ಯದ ಸಂಗತಿ: ಶಾಯಿಯಲ್ಲಿ ಅದ್ದಿದೊಡನೆ ಬರೆದ ಪದಗಳು ಗಟ್ಟಿಯಾಗಿಯೂ, ಮತ್ತೆ ಅದ್ದುವುದಕ್ಕೆ ಮುಂಚಿನ ಪದಗಳು ನಿಸ್ತೇಜವಾಗಿಯೂ ಇರುತ್ತವೆ. ಈಗ ತೆಳುಶಾಯಿಯನ್ನು ಉಳಿಸಿಕೊಳ್ಳಬೇಕಾದರೆ ಮಿತಿಯು 150ಕ್ಕಿಂತ ಮೇಲಿರಬೇಕು. ಕಲೆಯನ್ನು ತೊಲಗಿಸಬೇಕಾದರೆ 120ಕ್ಕಿಂತ ಕೆಳಗಿರಬೇಕು. ಎರಡನ್ನೂ ತೃಪ್ತಿಪಡಿಸುವ ಸಂಖ್ಯೆ ಯಾವುದೂ ಇಲ್ಲ. ಓತ್ಸು ಅವರ ಗಣಿತಕ್ಕೂ ಅದು ಸಿಗದು, ಅತ್ಯಂತ ಅನುಭವಿಯಾದ ತಜ್ಞನ ಕೈಗೂ ಸಿಗದು.

ಪುಟವನ್ನು ಮೊದಲು ಪರೀಕ್ಷಿಸುವ ಕ್ರಮ ಇದರಿಂದಲೇ ಹೊರಡುತ್ತದೆ. ಪುಟದಲ್ಲಿ ಅತಿ ತೆಳುವಾಗಿ ಕಾಣುವ ಹತ್ತಾರು ಗೀಟುಗಳನ್ನು ಆರಿಸಿ, ಅಂಚುಗಳನ್ನು ಬಿಟ್ಟು ಗೀಟಿನ ನಡುಭಾಗದ ಬಿಂದುಗಳ ಮೌಲ್ಯವನ್ನು ಮಾತ್ರ ಓದಿಕೊಳ್ಳಬೇಕು. ಅಂಚಿನಲ್ಲಿ ಶಾಯಿ ಮತ್ತು ಕಾಗದಗಳ ಬೆಳಕು ಬೆರೆತಿರುವುದರಿಂದ ಅಲ್ಲಿಯ ಸಂಖ್ಯೆಗಳು ದಾರಿತಪ್ಪಿಸುತ್ತವೆ. ಹಾಗೆಯೇ ಬರಹವಿಲ್ಲದ ಜಾಗಗಳಲ್ಲಿ ಅತಿ ಕಪ್ಪಾದ ಹತ್ತಾರು ಸ್ಥಳಗಳನ್ನು, ಕಲೆಯ ಒಡಲು, ಮಡಿಕೆಯ ನೆರಳು, ಹೊಲಿಗೆಯ ಬಳಿಯ ಕತ್ತಲು, ಇವುಗಳನ್ನು ಓದಿಕೊಳ್ಳಬೇಕು. ಅತಿ ತೆಳುವಾದ ಶಾಯಿಯು ಅತಿ ಕಪ್ಪಾದ ಹಿನ್ನೆಲೆಗಿಂತ ಇನ್ನೂ ಕಪ್ಪಾಗಿದ್ದು, ಎರಡರ ನಡುವಣ ಅಂತರವು ಕಾಗದದ ಹುರಿಯಿಂದ ಉಂಟಾಗುವ ಏರುಪೇರಿಗಿಂತ ಸಾಕಷ್ಟು ಹೆಚ್ಚಾಗಿದ್ದರೆ ಸರ್ವಸಾಮಾನ್ಯ ಮಿತಿಯೇ ಸರಿಯಾದ ಆಯ್ಕೆ. ಅದು ಅಕ್ಷರದ ಆಕಾರವನ್ನು ಎಲ್ಲಿಯೂ ಸ್ಥಳಕ್ಕೊಂದು ರೀತಿಯಾಗಿ ವಿಕಾರಗೊಳಿಸುವುದಿಲ್ಲ. ಈ ಕ್ರಮ ತಲೆಕೆಳಗಾಗಿದ್ದರೆ, ಎಂದರೆ ಎಲ್ಲೋ ಒಂದೆಡೆಯ ಕಾಗದವು ಮತ್ತೆಲ್ಲೋ ಇರುವ ಶಾಯಿಗಿಂತ ಕಪ್ಪಾಗಿದ್ದರೆ, ಆ ಚಿತ್ರಕ್ಕೆ ಒಂದೇ ಮಿತಿಯ ಮಾತನ್ನು ಬಿಡಲೇಬೇಕು.

ಬಣ್ಣದಲ್ಲಿಯೇ ಬಗೆಹರಿಯುವ ಪುಟಗಳು

ಆದರೆ ಬಿಡುವುದಕ್ಕೆ ಮುಂಚೆ, ಬೂದು ಚಿತ್ರವೇ ಎಲ್ಲಿಂದ ಬಂದಿತೆಂಬುದನ್ನು ಒಮ್ಮೆ ವಿಚಾರಿಸುವುದು ಯುಕ್ತ. ಸ್ಕ್ಯಾನರು ಕೊಡುವುದು ಕೆಂಪು, ಹಸಿರು, ನೀಲಿ ಎಂಬ ಮೂರು ಪದರಗಳ ವರ್ಣಚಿತ್ರವನ್ನು. ಸಾಮಾನ್ಯ ತಂತ್ರಾಂಶವು ಕೆಂಪಿನ 0.299 ಪಾಲು, ಹಸಿರಿನ 0.587 ಪಾಲು, ನೀಲಿಯ 0.114 ಪಾಲುಗಳನ್ನು ಕೂಡಿ ಬೂದುಮೌಲ್ಯವನ್ನು ಮಾಡುತ್ತದೆ. ಈ ಪ್ರಮಾಣವು ಮನುಷ್ಯನ ಕಣ್ಣಿನ ಸಂವೇದನೆಗೆ ಒಪ್ಪುವಂತೆ ರೂಪುಗೊಂಡುದೇ ಹೊರತು ಕಲೆಯ ಪುಟಕ್ಕಾಗಿ ಅಲ್ಲ. ನೀರಿನ ಕಲೆ, ಚಹದ ಕಲೆ, ಮುಪ್ಪಿನಿಂದ ಬಂದ ಕಂದು, ಇವೆಲ್ಲ ನೀಲಿ ಬೆಳಕನ್ನು ಬಹಳವಾಗಿ ಹೀರಿಕೊಂಡು ಕೆಂಪನ್ನು ಬಹುಮಟ್ಟಿಗೆ ಹಿಂದಿರುಗಿಸುತ್ತವೆ. ಆದ್ದರಿಂದ ಕೆಂಪು ಪದರವೊಂದನ್ನೇ ತೆಗೆದು ನೋಡಿದರೆ ಕಲೆ ಗಣನೀಯವಾಗಿ ತಿಳಿಯಾಗುತ್ತದೆ.

ಇದರ ಫಲವು ಶಾಯಿಯ ಜಾತಿಯನ್ನು ಅವಲಂಬಿಸಿದೆ. ದೀಪದ ಕಾಡಿಗೆಯಿಂದ ಮಾಡಿದ ಮಸಿಯು ಇಂಗಾಲವಾದುದರಿಂದ ಎಲ್ಲ ಬಣ್ಣದ ಬೆಳಕಿಗೂ ಸಮಾನವಾಗಿ ಕಪ್ಪು. ಕೆಂಪು ಪದರದಲ್ಲಿ ಕಲೆ ಕರಗಿದರೂ ಮಸಿ ನಿಲ್ಲುತ್ತದೆ, ಮೊದಲು ಹೆಣೆದುಕೊಂಡಿದ್ದ ಎರಡು ಸಂಖ್ಯೆಗಳು ತಾವಾಗಿಯೇ ಬೇರ್ಪಟ್ಟು ಒಂದೇ ಮಿತಿ ಸಾಧ್ಯವಾಗುವುದೂ ಉಂಟು. ಮಾಚಿಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನೂ ಗೋಂದನ್ನೂ ಬೆರೆಸಿ ಮಾಡುತ್ತಿದ್ದ, ಯೂರೋಪು ಅಮೆರಿಕಗಳ ದಫ್ತರಗಳಲ್ಲಿ ಶತಮಾನಗಳ ಕಾಲ ಬಳಕೆಯಲ್ಲಿದ್ದ ಕಬ್ಬಿಣದ ಶಾಯಿಯ ಸಂಗತಿ ಬೇರೆ. ಅದು ಮುಪ್ಪಾದಂತೆ ತಾನೇ ಕಂದುಬಣ್ಣಕ್ಕೆ ತಿರುಗುವುದರಿಂದ ಕೆಂಪು ಪದರದಲ್ಲಿ ಕಲೆಯೊಡನೆ ಬರಹವೂ ಮಾಸುತ್ತದೆ; ಮಾಸಿದ ಬರಹವನ್ನು ನೀಲಿ ಪದರದಲ್ಲಿ ಹಿಡಿಯಹೋದರೆ ಕಲೆಯೂ ಅಷ್ಟೇ ಉಗ್ರವಾಗುತ್ತದೆ. ಇನ್ನು ನಮ್ಮ ಕನ್ನಡನಾಡಿನ ಕಡತಗಳಲ್ಲಿ, ಹುಣಿಸೆಬೀಜದ ಅಂಟಿಗೆ ಇದ್ದಲನ್ನು ಬೆರೆಸಿ ಬಳಿದ ಕಪ್ಪು ಬಟ್ಟೆಯ ಮೇಲೆ ಬಳಪದಿಂದ ಬರೆದಿರುವುದರಿಂದ, ಅಕ್ಷರವೇ ಬಿಳುಪು, ಹಿನ್ನೆಲೆಯೇ ಕಪ್ಪು. ಅಂತಹ ಚಿತ್ರವನ್ನು ಪ್ರತಿಯೊಂದು ಮೌಲ್ಯವನ್ನೂ 255ರಿಂದ ಕಳೆದು ತಿರುವಿಕೊಳ್ಳದೆ ಮುಂದೆ ಹೇಳುವ ಸೂತ್ರಗಳಿಗೆ ಒಡ್ಡಬಾರದು, ಏಕೆಂದರೆ ಆ ಸೂತ್ರಗಳು ಕಪ್ಪನ್ನು ಶಾಯಿಯೆಂದೇ ಮೊದಲಿಗೆ ಅಂಗೀಕರಿಸಿವೆ.

ನೆರೆಹೊರೆಯನ್ನು ನೋಡಿ ನಿರ್ಣಯಿಸುವ ಮಾರ್ಗ

ಪದರ ಬದಲಾಯಿಸಿದರೂ ಎರಡು ಸಂಖ್ಯೆಗಳು ಬೇರ್ಪಡದಿದ್ದರೆ ಸ್ಥಳಾನುಗುಣ ಮಿತಿಯ ಸರದಿ ಬರುತ್ತದೆ. ಬಿಂದುವೊಂದರ ಸುತ್ತ ನಿರ್ದಿಷ್ಟ ಅಳತೆಯ ಒಂದು ಚೌಕಾಕಾರದ ಕಿಟಕಿಯನ್ನು ತೆರೆದು, ಅದರೊಳಗಿನ ಬಿಂದುಗಳ ಸರಾಸರಿಯನ್ನೂ, ಅವು ಸರಾಸರಿಯಿಂದ ಎಷ್ಟು ಚದರಿವೆ ಎಂಬುದನ್ನು ಹೇಳುವ ಮಾನಕ ವಿಚಲನೆಯನ್ನೂ ಕಂಡುಕೊಂಡು, ಆ ಎರಡರಿಂದ ಅದೊಂದು ಬಿಂದುವಿನ ಮಿತಿಯನ್ನು ಪಡೆಯುವುದು ಇದರ ತಿರುಳು. ಸರಾಸರಿಯನ್ನು m ಎಂದೂ ವಿಚಲನೆಯನ್ನು s ಎಂದೂ ಬರೆದರೆ, 1986ರಲ್ಲಿ ನಿಬ್ಲ್ಯಾಕ್ ಅವರು ತಮ್ಮ ಗ್ರಂಥದಲ್ಲಿ ಕೊಟ್ಟ ಸೂತ್ರ ಹೀಗಿದೆ:

```
T = m + k·s        (k = −0.2)
```

ಇದರಲ್ಲಿ ಒಂದು ದೋಷ ಅಂತರ್ಗತವಾಗಿದೆ. ಬರಹವಿಲ್ಲದ ಖಾಲಿ ಜಾಗದಲ್ಲಿ ಕಿಟಕಿ ತೆರೆದಾಗ ಸರಾಸರಿ 200, ಕಾಗದದ ಹುರಿಯಿಂದಾದ ವಿಚಲನೆ ಕೇವಲ 4 ಎಂದಿರಲಿ, ಮಿತಿಯು 199.2ಕ್ಕೆ ಬಂದು ನಿಲ್ಲುತ್ತದೆ. ಕಾಗದದ ಏರುಪೇರು ಸಹಜ ವಿತರಣೆಯನ್ನು ಅನುಸರಿಸಿದರೆ ನೂರಕ್ಕೆ ಸುಮಾರು 42 ಬಿಂದುಗಳು ಆ ಮಿತಿಗಿಂತ ಕೆಳಗೆ ಬಿದ್ದು, ಖಾಲಿಯಾಗಿರಬೇಕಾದ ಅಂಚೆಲ್ಲ ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆಗಳಿಂದ ತುಂಬಿಹೋಗುತ್ತದೆ. ಕಿಟಕಿಯಲ್ಲಿ ಶಾಯಿಯೇ ಇಲ್ಲದಿರಬಹುದೆಂಬ ಸಾಧ್ಯತೆಯನ್ನು ಆ ಸೂತ್ರ ಪರಿಗಣಿಸಿಲ್ಲ.

ಈ ಕೊರತೆಯನ್ನು ತುಂಬಿದವರು ಫಿನ್ಲೆಂಡಿನ ಸೌವೋಲ ಮತ್ತು ಪಿಯೆಟಿಕಾಯ್ನೆನ್. ಅವರ ಸೂತ್ರ ಪ್ರಕಟವಾದುದು 2000ದಲ್ಲಿ:

```
T = m·(1 + k·(s/R − 1))        (R = 128)
```

ವಿಚಲನೆ ಅಲ್ಪವಾಗಿದ್ದೆಡೆ, ಎಂದರೆ ಕಿಟಕಿಯಲ್ಲಿ ಶಾಯಿಯ ಸೂಚನೆಯಿಲ್ಲದೆಡೆ, ಈ ಸೂತ್ರವು ಮಿತಿಯನ್ನು ಸರಾಸರಿಗಿಂತ ಬಹಳ ಕೆಳಕ್ಕೆ ತಳ್ಳುತ್ತದೆ. ಮೇಲಿನ ಖಾಲಿ ಕಿಟಕಿಗೆ k ಯನ್ನು 0.2 ಎಂದಿಟ್ಟು ಲೆಕ್ಕಹಾಕಿದರೆ ಮಿತಿ ಸುಮಾರು 161. 200ರ ಆಸುಪಾಸಿನ ಹುರಿಯೆಲ್ಲ ನಿರಾತಂಕವಾಗಿ ಬಿಳುಪಾಗಿ ಉಳಿಯುತ್ತದೆ.

ಇದೇ ಸೂತ್ರವನ್ನು ನಮ್ಮ ಪುಟದ ಎರಡು ಕಷ್ಟದ ಸ್ಥಳಗಳಿಗೆ ಅನ್ವಯಿಸೋಣ. ಎರಡೆಡೆಯೂ ಕಿಟಕಿಯ ಹತ್ತನೆಯ ಒಂದು ಪಾಲು ಶಾಯಿಯಿದೆ ಎಂದು ಊಹಿಸೋಣ. ಕಲೆಯ ಒಳಗೆ 120ರ ಹಿನ್ನೆಲೆಯ ಮೇಲೆ 60ರ ಶಾಯಿ: ಸರಾಸರಿ 114, ವಿಚಲನೆ 18, ಮಿತಿ ಸುಮಾರು 94. ಕಲೆ ಬಿಳುಪಾಗುತ್ತದೆ, ಅಕ್ಷರ ಕಪ್ಪಾಗುತ್ತದೆ. ತೆಳುಬರಹದ ಕಡೆ 200ರ ಹಿನ್ನೆಲೆಯ ಮೇಲೆ 150ರ ಶಾಯಿ: ಸರಾಸರಿ 195, ವಿಚಲನೆ 15, ಮಿತಿ ಸುಮಾರು 160. ಇಲ್ಲಿಯೂ ಅಕ್ಷರ ಉಳಿಯುತ್ತದೆ. ಒಂದೇ ಸಂಖ್ಯೆಗೆ ಅಸಾಧ್ಯವಾಗಿದ್ದ ಕಾರ್ಯವನ್ನು ಒಂದೇ ಸೂತ್ರವು ಎರಡು ಕಡೆ ಎರಡು ಸಂಖ್ಯೆಗಳನ್ನು ಕೊಟ್ಟು ಸಾಧಿಸಿತು.

ಆದರೆ k ಯ ಮೌಲ್ಯವನ್ನು, ಮೂಲ ಪ್ರಬಂಧದಲ್ಲಿದ್ದಂತೆ, 0.5ಕ್ಕೆ ಏರಿಸಿ ನೋಡಿ. ಕಲೆಯೊಳಗಿನ ಮಿತಿ 65ಕ್ಕೆ ಇಳಿದು 60ರ ಶಾಯಿಯು ಕೂದಲೆಳೆಯ ಅಂತರದಲ್ಲಿ ಉಳಿಯುತ್ತದೆ. ತೆಳುಬರಹದೆಡೆಯ ಮಿತಿಯಾದರೋ 109ಕ್ಕೆ ಕುಸಿದು 150ರ ಅಕ್ಷರಗಳು ಸಂಪೂರ್ಣವಾಗಿ ಅಳಿಸಿಹೋಗುತ್ತವೆ. ಖಾಲಿ ಕಾಗದದ ಹುರಿಯನ್ನು ಅಳಿಸುವುದಕ್ಕಾಗಿ ಅಳವಡಿಸಿದ ಯುಕ್ತಿಯೇ, ವಿಚಲನೆ ಕಡಿಮೆಯಿರುವ ತೆಳುಶಾಯಿಯನ್ನೂ ಹುರಿಯೆಂದೇ ಭ್ರಮಿಸುತ್ತದೆ. ಸಾಲಿನ ಕೊನೆಯಲ್ಲಿ, ಲೇಖನಿಯ ಶಾಯಿ ಬತ್ತಿದೆಡೆಯಲ್ಲಿ, ಪದಗಳು ಕ್ರಮವಾಗಿ ಕಾಣೆಯಾಗುತ್ತಿದ್ದರೆ k ಹೆಚ್ಚಾಯಿತೆಂದೇ ತಿಳಿಯತಕ್ಕದ್ದು.

ಸ್ಥಳಾನುಗುಣ ಮಿತಿ ತೆರುವ ಬೆಲೆ

ಹಾಗಾದರೆ k ಯನ್ನು ಸದಾ 0.2ರಲ್ಲಿಯೇ ಇರಿಸಬಾರದೇಕೆ ಎಂಬ ಪ್ರಶ್ನೆಗೆ ಉತ್ತರವು ಕಲೆಯ ಅಂಚಿನಲ್ಲಿದೆ. ಕಾಗದದಲ್ಲಿ ಹರಡಿದ ನೀರು ತಾನು ಹೊತ್ತ ಕಂದುಮಲಿನವನ್ನು ಒಣಗುವಾಗ ತನ್ನ ಎಲ್ಲೆಯಲ್ಲಿ ಬಿಟ್ಟುಹೋಗುವುದರಿಂದ, ನೀರಿನ ಕಲೆಯ ಅಂಚು ಸಾಮಾನ್ಯವಾಗಿ ತೀಕ್ಷ್ಣವಾಗಿರುತ್ತದೆ. ಅರ್ಧ ಶುಭ್ರ ಕಾಗದದ ಮೇಲೂ ಅರ್ಧ ಕಲೆಯ ಮೇಲೂ ನಿಂತ ಕಿಟಕಿಯಲ್ಲಿ ಸರಾಸರಿ 160, ವಿಚಲನೆ 40, k 0.2 ಆದಾಗ ಮಿತಿ 138. ಕಲೆಯ ಮೌಲ್ಯ 120 ಆದುದರಿಂದ ಅಲ್ಲಿ ಶಾಯಿಯ ಒಂದು ಹನಿಯೂ ಇಲ್ಲದಿದ್ದರೂ ಕಲೆಯ ಒಳಮಗ್ಗುಲು ಕಪ್ಪಾಗುತ್ತದೆ. ಈ ಕಪ್ಪು ಪಟ್ಟಿ, ಕಿಟಕಿಯ ಮುಕ್ಕಾಲು ಪಾಲು ಕಲೆಯೊಳಕ್ಕೆ ಸರಿಯುವ ತನಕ, ಎಂದರೆ ಕಿಟಕಿಯ ಅಗಲದ ಕಾಲು ಭಾಗದಷ್ಟು ದೂರ, ಮುಂದುವರಿಯುವುದು. 41 ಪಿಕ್ಸೆಲ್ ಕಿಟಕಿಗೆ ಸುಮಾರು 10 ಪಿಕ್ಸೆಲ್ ದಪ್ಪದ ಕರಿದಾರವೊಂದು ಕಲೆಯ ಸುತ್ತ ಕಾಣಿಸಿಕೊಳ್ಳುವುದು. k ಯನ್ನು 0.5 ಮಾಡಿದರೆ ಆ ಸ್ಥಳದ ಮಿತಿ 105 ಆಗಿ ದಾರ ಮಾಯವಾಗುತ್ತದೆ, ಆದರೆ ಆಗಲೇ ನೋಡಿದಂತೆ ತೆಳುಬರಹವೂ ಅದರೊಡನೆ ಹೋಗುತ್ತದೆ. ಒಂದೇ ಪುಟದಲ್ಲಿ ತೀಕ್ಷ್ಣವಾದ ಕಲೆ, ನಿಸ್ತೇಜವಾದ ಶಾಯಿ, ಎರಡೂ ಇದ್ದಾಗ k ಯೊಂದರಿಂದಲೇ ಎರಡನ್ನೂ ಸಂತೈಸುವುದು ಆಗದು.

ಕಿಟಕಿಯ ಅಳತೆಯದು ಇನ್ನೊಂದು ಕಟ್ಟುಪಾಡು. ಇಂಚಿಗೆ 300 ಬಿಂದುಗಳ ಸ್ಕ್ಯಾನಿನಲ್ಲಿ ಅರ್ಧ ಮಿಲಿಮೀಟರ್ ಅಗಲದ ಗೀಟು ಸುಮಾರು 6 ಪಿಕ್ಸೆಲ್ ಆಕ್ರಮಿಸುತ್ತದೆ, 600ರಲ್ಲಿ 12. ಕಿಟಕಿಯು ಗೀಟಿನ ಅಗಲದ ಹಲವು ಪಟ್ಟು ಇದ್ದರೆ ಮಾತ್ರ ಅದರೊಳಗೆ ಶಾಯಿಯೊಡನೆ ಹೋಲಿಸಿ ನೋಡುವಷ್ಟು ಕಾಗದವೂ ಸಿಗುತ್ತದೆ. ತಂತ್ರಾಂಶವು ತಾನಾಗಿ ಕೊಟ್ಟ 15 ಪಿಕ್ಸೆಲ್ ಕಿಟಕಿಯನ್ನು 600ರ ಸ್ಕ್ಯಾನಿಗೆ ಹಾಗೆಯೇ ಬಳಸಿದಾಗ, ಕಿಟಕಿಯು ದಪ್ಪ ಗೀಟುಗಳೊಳಗೆಯೇ ಸಿಕ್ಕಿಕೊಂಡು, ಸುತ್ತಲೂ ಶಾಯಿಯನ್ನೇ ಕಂಡು, ಇದೇ ಹಿನ್ನೆಲೆಯೆಂದು ತೀರ್ಮಾನಿಸುವ ಸಂದರ್ಭ ಒದಗುತ್ತದೆ. ಶಾಯಿಯ ದೊಡ್ಡ ತೊಟ್ಟು ಬಿದ್ದೆಡೆಯಲ್ಲಿ ಇದನ್ನು ಲೆಕ್ಕದಿಂದಲೇ ಕಾಣಬಹುದು: ಸರಾಸರಿ 60, ವಿಚಲನೆ 3, k 0.2 ಇದ್ದರೆ ಮಿತಿ 48. 60ರ ಶಾಯಿಯು ಮಿತಿಗಿಂತ ಮೇಲಿರುವುದರಿಂದ ತೊಟ್ಟಿನ ಒಡಲು ಬಿಳುಪಾಗಿ ಅಂಚು ಮಾತ್ರ ಬಳೆಯಂತೆ ಉಳಿಯುತ್ತದೆ. ದಪ್ಪ ಅಕ್ಷರಗಳ ಒಳಗು ಟೊಳ್ಳಾಗಿ ಕಂಡೊಡನೆ ಕಿಟಕಿ ಕಿರಿದಾಯಿತೆಂದು ಅರಿಯಬೇಕು. ಹಾಗೆಂದು ಕಿಟಕಿಯನ್ನು ಬೆಳೆಸುತ್ತ ಹೋದರೆ ಅದು ಪುಟದಷ್ಟೇ ಆಗಿ, ನಾವು ತ್ಯಜಿಸಿ ಬಂದ ಸರ್ವಸಾಮಾನ್ಯ ಮಿತಿಗೇ ಮರಳಿ ಸೇರುತ್ತೇವೆ. ಅಲ್ಲದೆ ಅಂಚಿನ ಕರಿದಾರವೂ ಅದೇ ಪ್ರಮಾಣದಲ್ಲಿ ದಪ್ಪವಾಗುತ್ತದೆ. ಅಕ್ಷರವೊಂದರ ಎತ್ತರದ ಆಸುಪಾಸಿನ ಕಿಟಕಿಯಿಂದ ಆರಂಭಿಸಿ ಮೇಲಿನ ಚಿಹ್ನೆಗಳನ್ನು ನೋಡಿಕೊಂಡು ಹಿಗ್ಗಿಸುವುದೋ ಕುಗ್ಗಿಸುವುದೋ ಮಾಡುವುದು ಸುರಕ್ಷಿತವಾದ ಕ್ರಮ.

ಹಿನ್ನೆಲೆಯನ್ನು ಸಮಗೊಳಿಸುವ ಮೂರನೆಯ ಹಾದಿ

ಈ ಇಕ್ಕಟ್ಟಿನಿಂದ ಪಾರಾಗುವ ಉಪಾಯವು ಮಿತಿಯನ್ನು ಪುಟಕ್ಕೆ ಹೊಂದಿಸುವುದರಲ್ಲಿಲ್ಲ, ಪುಟವನ್ನೇ ಮಿತಿಗೆ ಹೊಂದುವಂತೆ ಮಾಡುವುದರಲ್ಲಿದೆ. ಬರಹವಿಲ್ಲದಿದ್ದರೆ ಈ ಕಾಗದವು ಹೇಗೆ ಕಾಣುತ್ತಿತ್ತೆಂಬ ಒಂದು ಹಿನ್ನೆಲೆಯ ಚಿತ್ರವನ್ನು ಮೊದಲು ಊಹಿಸಿಕೊಳ್ಳಬೇಕು. ಗೀಟಿನ ಅಗಲಕ್ಕಿಂತ ದೊಡ್ಡದಾದ ಕಿಟಕಿಯಲ್ಲಿ ಪ್ರತಿಯೊಂದು ಬಿಂದುವಿಗೂ ಅತಿ ಬಿಳಿಯ ಮೌಲ್ಯವನ್ನು ಕೊಟ್ಟು, ಅನಂತರ ಅದೇ ಅಳತೆಯಲ್ಲಿ ಅತಿ ಕಪ್ಪಿನ ಮೌಲ್ಯಕ್ಕೆ ಇಳಿಸಿದರೆ, ಸಣ್ಣ ಗೀಟುಗಳೆಲ್ಲ ಮುಚ್ಚಿಹೋಗಿ ದೊಡ್ಡ ಕಲೆಗಳು ತಮ್ಮ ಸ್ಥಾನದಲ್ಲಿಯೇ ಉಳಿಯುತ್ತವೆ. ಕಲೆಯ ಅಂಚೂ ಬಹುಮಟ್ಟಿಗೆ ಸರಿಯಾದೆಡೆಯಲ್ಲಿ ನಿಲ್ಲುತ್ತದೆ. ಮೂಲ ಚಿತ್ರದ ಪ್ರತಿಯೊಂದು ಮೌಲ್ಯವನ್ನೂ ಈ ಹಿನ್ನೆಲೆಯ ಮೌಲ್ಯದಿಂದ ಭಾಗಿಸಬೇಕು. ಕಲೆಯಾದ ಕಾಗದವು ತನ್ನ ಮೇಲೆ ಬಿದ್ದ ಬೆಳಕಿನ ಒಂದು ಪಾಲನ್ನು ಮಾತ್ರ ಹಿಂದಿರುಗಿಸುವುದರಿಂದಲೂ, ಶಾಯಿಯು ಆ ಪಾಲನ್ನು ಮತ್ತಷ್ಟು ಕುಗ್ಗಿಸುವುದರಿಂದಲೂ, ಇಲ್ಲಿ ಪ್ರಶಸ್ತವಾದುದು ಕಳೆಯುವ ಲೆಕ್ಕವಲ್ಲ, ಭಾಗಿಸುವ ಲೆಕ್ಕ.

ಮಾದರಿ ಪುಟದಲ್ಲಿ ಇದರ ಫಲವನ್ನು ನೋಡಿ. ಶುಭ್ರ ಕಾಗದ 200ನ್ನು 200ರಿಂದ, ಕಲೆ 120ನ್ನು 120ರಿಂದ ಭಾಗಿಸಿದಾಗ ಎರಡೂ 1 ಆಗುತ್ತವೆ. ಗಟ್ಟಿ ಶಾಯಿ 0.3, ಕಲೆಯೊಳಗಿನ ಶಾಯಿ 0.5, ತೆಳುಶಾಯಿ 0.75. ಹೆಣೆದುಕೊಂಡಿದ್ದ ಎರಡು ಸಂಖ್ಯೆಗಳು ಬೇರ್ಪಟ್ಟುವು: ಅತಿ ತೆಳುವಾದ ಶಾಯಿ 0.75, ಅತಿ ಕಪ್ಪಾದ ಹಿನ್ನೆಲೆ 1. ನಡುವೆ 0.85 ಎಂಬ ಒಂದೇ ಮಿತಿಯನ್ನಿಟ್ಟರೆ ಮೂರು ಬಗೆಯ ಬರಹವೂ ಉಳಿದು, ಕಲೆಯೂ ಅದರ ಅಂಚೂ ತೊಲಗುತ್ತವೆ. 2009ರಲ್ಲಿ ದಸ್ತಾವೇಜು ಚಿತ್ರಗಳ ದ್ವಿವರ್ಣೀಕರಣಕ್ಕಾಗಿ ನಡೆದ ಡಿಬ್ಕೋ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಪ್ರಥಮಸ್ಥಾನ ಪಡೆದ ಲು ಮತ್ತು ಟಾನ್ ಅವರ ವಿಧಾನದ ಆಧಾರಶಿಲೆಯೂ, ಹಿನ್ನೆಲೆಯನ್ನು ಬೀಜಗಣಿತದ ವಕ್ರಗಳಿಂದ ಊಹಿಸಿ ಸಮಗೊಳಿಸುವ ಇಂತಹ ಕ್ರಮವೇ ಆಗಿತ್ತು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾಗದು. ಪುಟ ಸಮವಾಯಿತೆಂದು ಮಿತಿಯ ಆಯ್ಕೆಯನ್ನು ಮತ್ತೆ ಓತ್ಸು ವಿಧಾನಕ್ಕೆ ಒಪ್ಪಿಸಿದರೆ ತೆಳುಬರಹ ಮತ್ತೆ ಅಪಾಯಕ್ಕೀಡಾಗುತ್ತದೆ. ಗಟ್ಟಿ ಶಾಯಿಗೆ ನೂರರಲ್ಲಿ 6, ಕಲೆಯೊಳಗಿನದಕ್ಕೆ 1, ತೆಳುವಿಗೆ 3 ಪಾಲುಗಳಿದ್ದರೆ, ಆ ವಿಧಾನವು ಮಿತಿಯನ್ನು 0.66ರ ಬಳಿಯಲ್ಲಿ ನಿಲ್ಲಿಸಿ ತೆಳುಬರಹವನ್ನು ಕಾಗದದ ಪಂಗಡಕ್ಕೆ ಸೇರಿಸುತ್ತದೆ. ಸಂಖ್ಯೆಯಲ್ಲಿ ಅಲ್ಪವಾದುದು ಆ ಲೆಕ್ಕದಲ್ಲಿ ತೂಗುವುದು ಕಡಿಮೆ. ಆದುದರಿಂದ ಸಮಗೊಳಿಸಿದ ಪುಟದಲ್ಲಿಯೂ ಎರಡು ಸಂಖ್ಯೆಗಳನ್ನು ಮತ್ತೊಮ್ಮೆ ಅಳೆದು, ಅವುಗಳ ನಡುವೆ ಕೈಯಿಂದ ಮಿತಿಯನ್ನಿಡುವುದೇ ಮೇಲು. ಒಂದೇ ದಫ್ತರದ, ಒಂದೇ ಸ್ಕ್ಯಾನರಿನ ಪುಟಗಳಿಗೆ ಸಮಗೊಳಿಸಿದ ಮೇಲೆ ಆ ಮಿತಿ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಈ ಶ್ರಮ ದೊಡ್ಡದಲ್ಲ.

ಯಾವ ಮಿತಿಗೂ ನಿಲುಕದ ಸಂಗತಿಗಳು

ಮಿತಿಯೆಂಬುದು ಎಷ್ಟೇ ಸೂಕ್ಷ್ಮವಾಗಿದ್ದರೂ ಕಪ್ಪುತನವನ್ನಲ್ಲದೆ ಬೇರೇನನ್ನೂ ನೋಡುವುದಿಲ್ಲ. ಪುಟದ ಹಿಂಬದಿಯ ಶಾಯಿ ಕಾಗದವನ್ನು ತೂರಿ ಮುಂಬದಿಗೆ ಇಣುಕಿದಾಗ ಅದರ ಗೀಟುಗಳು ಅಗಲದಲ್ಲಿಯೂ ಆಕಾರದಲ್ಲಿಯೂ ಬರಹದಂತೆಯೇ ಇರುತ್ತವೆ. ಅವು ಮುಂಬದಿಯ ತೆಳುಬರಹಕ್ಕಿಂತ ತಿಳಿಯಾಗಿದ್ದರೆ ಮಿತಿಯಿಂದ ತೊಲಗುತ್ತವೆ. ಕಬ್ಬಿಣದ ಶಾಯಿ ಕಾಗದವನ್ನು ಸುಟ್ಟುಕೊಂಡು ಬಂದ ಪುಟಗಳಲ್ಲಿ ಅವು ತೆಳುಬರಹಕ್ಕಿಂತ ಕಪ್ಪಾಗಿಯೇ ಇರುವುದುಂಟು, ಆಗ ಹಿಂಬದಿಯ ಚಿತ್ರವನ್ನೂ ತೆಗೆದು ಕನ್ನಡಿಯಂತೆ ತಿರುಗಿಸಿ ಮುಂಬದಿಯೊಡನೆ ಹೊಂದಿಸಿ ನೋಡಿದಲ್ಲದೆ ಗತ್ಯಂತರವಿಲ್ಲ. ನೀರಿನ ಕಲೆಯ ಎಲ್ಲೆಯಲ್ಲಿ ಉಳಿದ ತೆಳ್ಳನೆಯ ಕಂದುಗೆರೆಯೂ ಹಾಗೆಯೇ: ಅದರ ಅಗಲ ಗೀಟಿನಷ್ಟೇ ಇದ್ದರೆ ಹಿನ್ನೆಲೆಯ ಊಹೆಯಲ್ಲಿ ಅದೂ ಬರಹದಂತೆ ಮುಚ್ಚಿಹೋಗಿ, ಭಾಗಿಸಿದ ಮೇಲೆ ಅಕ್ಷರದ ಪಂಗಡಕ್ಕೆ ಸೇರಿ ಹೊರಬರುತ್ತದೆ. ಅದನ್ನು ಕೈಯಿಂದ ಅಳಿಸಬೇಕು, ಇಲ್ಲವೇ ಬಣ್ಣದ ಪದರದಲ್ಲಿ ಬೇರ್ಪಡಿಸಬೇಕು.

ಫಲವನ್ನು ಪರೀಕ್ಷಿಸುವಾಗ ಕಪ್ಪುಬಿಳುಪಿನ ಚಿತ್ರವೊಂದನ್ನೇ ನೋಡಿ ತೃಪ್ತಿಪಡುವುದು ಮೋಸಕ್ಕೆ ಎಡೆಮಾಡುತ್ತದೆ, ಏಕೆಂದರೆ ಅಳಿಸಿಹೋದ ಪದವು ತಾನು ಇದ್ದೆನೆಂಬ ಕುರುಹನ್ನು ಬಿಟ್ಟಿರುವುದಿಲ್ಲ. ಚುಕ್ಕೆಗಳಿಂದ ತುಂಬಿದ ಪುಟ ತನ್ನ ದೋಷವನ್ನು ತಾನೇ ಸಾರುತ್ತದೆ, ಪದಗಳು ಕಾಣೆಯಾದ ಪುಟವಾದರೋ ನಿರ್ಮಲವಾಗಿಯೇ ತೋರುತ್ತದೆ. ಆದುದರಿಂದ ದ್ವಿವರ್ಣ ಚಿತ್ರವನ್ನು ಬಣ್ಣದ ಮೂಲದ ಮೇಲೆ ಪಾರದರ್ಶಕವಾಗಿ ಹಾಸಿ, ಮುಖ್ಯವಾಗಿ ಸಾಲುಗಳ ಕೊನೆಗಳನ್ನೂ ಕಲೆಯ ಒಡಲನ್ನೂ ಓದಿ ನೋಡಬೇಕು. ಪರಸ್ಪರ ಅಂಟಿಕೊಂಡ ಕಪ್ಪು ತುಣುಕುಗಳ ಸಂಖ್ಯೆಯನ್ನು ಎಣಿಸುವುದೂ ಒಳ್ಳೆಯ ಸಾಧನ: ನೆರೆಯ ಪುಟಗಳಿಗಿಂತ ಅದು ಹಠಾತ್ತಾಗಿ ಹಲವು ಮಡಿ ಏರಿದರೆ ಹುರಿ ಒಳನುಗ್ಗಿದೆಯೆಂದೂ, ಹಠಾತ್ತಾಗಿ ಇಳಿದರೆ ಬರಹ ಅಳಿದಿದೆ ಅಥವಾ ಕಲೆಯಲ್ಲಿ ಮುಳುಗಿದೆಯೆಂದೂ ಊಹಿಸಬಹುದು. ಕೈಬರಹದ ಓದುವಿಕೆಯ ಸಂಶೋಧನೆಯಲ್ಲಿ ಬಹುಕಾಲದಿಂದ ಒರೆಗಲ್ಲಾಗಿರುವ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಜಾರ್ಜ್ ವಾಷಿಂಗ್ಟನ್ ಪತ್ರಸಂಗ್ರಹದ 20 ಪುಟಗಳಂತಹ ಸಣ್ಣ ಗುಂಪಿಗಾದರೆ ಇಂತಹ ಪರೀಕ್ಷೆಯನ್ನು ಪ್ರತಿಯೊಂದು ಪುಟಕ್ಕೂ ಮಾಡಬಹುದು. ಸಾವಿರಾರು ಪುಟಗಳ ದಫ್ತರಕ್ಕಾದರೆ ತುಣುಕುಗಳ ಎಣಿಕೆಯು ಕಣ್ಣಿಟ್ಟು ನೋಡಬೇಕಾದ ಪುಟಗಳನ್ನು ಆರಿಸಿಕೊಡುತ್ತದೆ.

ಆಯ್ಕೆಯ ಕ್ರಮವನ್ನು ಈಗ ಒಟ್ಟಿಗೆ ಹೇಳಬಹುದಾಗಿದೆ. ಮೊದಲು ಅತಿ ತೆಳುವಾದ ಶಾಯಿಯನ್ನೂ ಅತಿ ಕಪ್ಪಾದ ಹಿನ್ನೆಲೆಯನ್ನೂ ಅಳೆಯಬೇಕು. ಅವು ಬೇರೆಬೇರೆಯಾಗಿದ್ದರೆ, ಅಥವಾ ಬಣ್ಣದ ಪದರವನ್ನು ಬದಲಿಸಿದಾಗ ಬೇರೆಯಾದರೆ, ಒಂದೇ ಮಿತಿ ಸಾಕು. ಹೆಣೆದುಕೊಂಡಿದ್ದು ಕಲೆಗಳ ಅಂಚು ಮೃದುವಾಗಿದ್ದರೆ ಸೌವೋಲ ಅವರ ಸೂತ್ರವನ್ನು 0.2ರ ಆಸುಪಾಸಿನ k ಯೊಡನೆ ಬಳಸಬಹುದು. ಅಂಚು ತೀಕ್ಷ್ಣವಾಗಿದ್ದು ಶಾಯಿಯೂ ನಿಸ್ತೇಜವಾಗಿದ್ದರೆ ಹಿನ್ನೆಲೆಯನ್ನು ಸಮಗೊಳಿಸಿ, ಅಳತೆಯನ್ನು ಮತ್ತೆ ಮಾಡಿ, ಒಂದೇ ಮಿತಿಗೆ ಹಿಂದಿರುಗಬೇಕು. ಮೂರರಲ್ಲಿ ಯಾವುದನ್ನು ಆರಿಸಿಕೊಂಡರೂ ಬಣ್ಣದ ಮೂಲಚಿತ್ರವನ್ನು ಕಾಪಾಡಿಕೊಂಡಿರತಕ್ಕದ್ದು. 150ನ್ನು ಒಮ್ಮೆ ಬಿಳುಪೆಂದು ಬರೆದ ಮೇಲೆ ಅದು 150 ಆಗಿತ್ತೋ 200 ಆಗಿತ್ತೋ ಎಂಬುದನ್ನು ಆ ಕಪ್ಪುಬಿಳುಪಿನ ಚಿತ್ರದಿಂದ ಯಾರೂ ಮರಳಿ ತಿಳಿಯಲಾರರು.